ಒಟ್ಟು ಸರಿ ಇದ್ದರೂ ಸಾಲು ತಪ್ಪಿರಬಹುದು: ಪ್ಯಾಕಿಂಗ್ ಲಿಸ್ಟ್ ಫೋಟೋವನ್ನು ಇನ್‌ವಾಯ್ಸ್ ಜೊತೆ ತಾಳೆ ನೋಡುವ ಬಗೆ

ಕುಶಾಲನಗರದ ಕೂಡ್ಲೂರು ಕಡೆಯ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಟೇನರ್ ತುಂಬುತ್ತದೆ, ಸೀಲ್ ಬೀಳುತ್ತದೆ, ಗಾಡಿ ಸಂಪಾಜೆ ಘಾಟಿ ಇಳಿದು ಪನಂಬೂರಿನ ಬಂದರಿನ ದಾರಿ ಹಿಡಿಯುತ್ತದೆ. ಅಷ್ಟರಲ್ಲಿ ಆಫೀಸಿನವರ ಫೋನಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂದಿರುತ್ತದೆ. ಅದೇ ಪ್ಯಾಕಿಂಗ್ ಲಿಸ್ಟ್. ಅದನ್ನು ನೋಡಿಕೊಂಡು "320 ಚೀಲ, 19,200 ಕಿಲೋ, ಇನ್‌ವಾಯ್ಸ್‌ನಲ್ಲೂ ಅಷ್ಟೇ ಇದೆ, ಓಕೆ" ಎಂದು ಕಸ್ಟಮ್ಸ್ ಏಜೆಂಟರಿಗೆ ಕಳಿಸಿಬಿಡುವವರೇ ಜಾಸ್ತಿ. ಕೆಳಗಿನ ಒಟ್ಟು ಮೊತ್ತ ಮಾತ್ರ ನೋಡಿದರೆ ಯಾವ ತಪ್ಪು ತಪ್ಪಿಸಿಕೊಳ್ಳುತ್ತದೆ, ಅದನ್ನು ಹಿಡಿಯುವುದು ಹೇಗೆ ಎಂಬುದನ್ನು ಒಂದೇ ಕಂಟೇನರ್‌ನ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಉದಾಹರಣೆಯಲ್ಲಿರುವ ದರಗಳು ಲೆಕ್ಕಕ್ಕೆ ಇಟ್ಟುಕೊಂಡವು, ಇವತ್ತಿನ ಮಾರ್ಕೆಟ್ ರೇಟ್ ಅಲ್ಲ.

ಮೊದಲು ಫೋಟೋ ಸರಿಯಿರಲಿ

ಫೋಟೋ ಕಳಿಸುವವರು ಗೋಡೌನ್‌ನಲ್ಲಿ ಮೂಟೆ ಮೇಲೆ ಕಾಗದ ಇಟ್ಟು ಕ್ಲಿಕ್ ಮಾಡಿರುತ್ತಾರೆ. ಮಡಿಕೆ ಬಿದ್ದ ಜಾಗದಲ್ಲೇ ಒಂದು ಅಂಕಿ ಕೂತಿರುತ್ತದೆ, ಮೂಲೆ ಕತ್ತರಿಸಿ ಹೋಗಿರುತ್ತದೆ. ಓದಲು ಒದ್ದಾಡುವ ಮೊದಲು ಇನ್ನೊಂದು ಫೋಟೋ ಕೇಳಿ. ಕಾಗದದ ನಾಲ್ಕೂ ಮೂಲೆ ಕಾಣಬೇಕು, ನೇರವಾಗಿ ಮೇಲಿನಿಂದ ತೆಗೆದಿರಬೇಕು. ಜೊತೆಗೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಆಮೇಲೆ ನೀವು ಎಷ್ಟು ದೊಡ್ಡದು ಮಾಡಿ ನೋಡಿದರೂ 6 ಯಾವುದು 8 ಯಾವುದು ಗೊತ್ತಾಗುವುದಿಲ್ಲ.

ಫೋಟೋ ಚೆನ್ನಾಗಿ ಬಂದ ಮೇಲೆ ತಲೆಬರಹ ನೋಡಿ: ಇನ್‌ವಾಯ್ಸ್ ನಂಬರ್, ತಾರೀಖು, ಕಂಟೇನರ್ ನಂಬರ್, ಸೀಲ್ ನಂಬರ್. ಕಂಟೇನರ್ ನಂಬರ್ ಎಂದರೆ ನಾಲ್ಕು ಅಕ್ಷರ, ಏಳು ಅಂಕಿ. ಅದು ಇನ್‌ವಾಯ್ಸ್‌ಗೆ ಹೊಂದದಿದ್ದರೆ ಮುಂದಿನ ಲೆಕ್ಕ ಮಾಡಿ ಪ್ರಯೋಜನವಿಲ್ಲ, ಬೇರೆ ಲೋಡಿನ ಲಿಸ್ಟ್ ಬಂದಿರಬಹುದು. ಎರಡು ಪುಟದ ಲಿಸ್ಟ್‌ನಲ್ಲಿ ಒಂದೇ ಪುಟ ಬಂದಿರುವುದೂ ಉಂಟು, ಕೆಳಗೆ ಪುಟ ಸಂಖ್ಯೆ ಇದೆಯಾ ನೋಡಿ.

ಇನ್‌ವಾಯ್ಸ್ ಮುಚ್ಚಿಟ್ಟು ಟೈಪ್ ಮಾಡಿ

ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಇನ್‌ವಾಯ್ಸ್‌ನಲ್ಲಿ 180 ಎಂದು ಓದಿಕೊಂಡು ಫೋಟೋದ ಕಡೆ ತಿರುಗಿದರೆ ಮಸುಕಾದ 175 ಕೂಡ 180 ಆಗಿ ಕಾಣುತ್ತದೆ. ಕಣ್ಣಿಗೆ ಬೇಕಾದ್ದೇ ಕಾಣುವುದು ಅಲ್ವಾ. ಹಾಗಾಗಿ ಇನ್‌ವಾಯ್ಸ್ ಮಗುಚಿಟ್ಟು, ಫೋಟೋದಲ್ಲಿರುವುದನ್ನು ಇದ್ದ ಹಾಗೇ ಶೀಟ್‌ಗೆ ಹಾಕಿ. ಒಟ್ಟು ಮೊತ್ತಗಳನ್ನೂ ಅಲ್ಲಿ ಮುದ್ರಿಸಿದ ಹಾಗೆಯೇ ಟೈಪ್ ಮಾಡಿ, ಶೀಟ್‌ನಲ್ಲಿ ಕೂಡಿಸಿ ತುಂಬಬೇಡಿ. ಆಮೇಲೆ ಇನ್‌ವಾಯ್ಸ್ ತೆಗೆದು ಬೇರೆ ಶೀಟ್‌ಗೆ ಹಾಕಿ.

ಕಾಲಂಗಳು ಹೀಗಿರಲಿ: A ಲಾಟ್, B ಚೀಲ, C ನೆಟ್ ತೂಕ, D ಗ್ರಾಸ್ ತೂಕ, E ಟನ್ನಿಗೆ ದರ, F ಮೌಲ್ಯ. ನೆಟ್ ಎಂದರೆ ಬರೀ ಕಾಫಿ, ಗ್ರಾಸ್ ಎಂದರೆ ಗೋಣಿ ಚೀಲವೂ ಸೇರಿ.

ನಮ್ಮ ಉದಾಹರಣೆಯ ಫೋಟೋದಲ್ಲಿ ಇದ್ದದ್ದು ಇಷ್ಟು:

| ಲಾಟ್ | ಕಾಫಿ | ಚೀಲ | ನೆಟ್ | ಗ್ರಾಸ್ | ಮೌಲ್ಯ, ಡಾಲರ್ |
|---|---|---|---|---|---|
| 21 | ರೊಬಸ್ಟಾ ಪಾರ್ಚ್‌ಮೆಂಟ್ ಎಬಿ | 100 | 6,000 | 6,080 | 26,400 |
| 22 | ರೊಬಸ್ಟಾ ಚೆರಿ ಎಬಿ | 175 | 10,500 | 10,?40 | 42,000 |
| 23 | ರೊಬಸ್ಟಾ ಚೆರಿ ಪಿಬಿ | 45 | 2,700 | 2,736 | 11,070 |
| ಒಟ್ಟು | | 320 | 19,200 | 19,456 | 79,470 |

ಲಾಟ್ 22ರ ಗ್ರಾಸ್ ತೂಕ ಮಡಿಕೆಯ ಮೇಲೆ ಬಿದ್ದಿದೆ. 10,640 ಇರಬಹುದು, 10,840 ಇರಬಹುದು.

ಲಿಸ್ಟ್ ತನಗೆ ತಾನೇ ಹೊಂದುತ್ತದೆಯೇ?

ಇನ್‌ವಾಯ್ಸ್ ಜೊತೆ ಹೋಲಿಸುವ ಮೊದಲು ಲಿಸ್ಟ್‌ನ ಒಳಗಿನ ಲೆಕ್ಕ ಸರಿ ಇದೆಯಾ ನೋಡಬೇಕು. ಇಲ್ಲಿ ಚೀಲಕ್ಕೆ 60 ಕಿಲೋ ಕಾಫಿ, ಖಾಲಿ ಗೋಣಿಗೆ 0.8 ಕಿಲೋ. ನಿಮ್ಮ ಗೋಣಿಯ ತೂಕ ಬೇರೆ ಇರಬಹುದು, ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಗೊತ್ತಾಗುತ್ತದೆ. ಪ್ರತಿ ಸಾಲಿಗೂ ಈ ಮೂರು ಸೂತ್ರ ಹಾಕಿ. ಫೋಟೋದಲ್ಲಿ ದರ ಇಲ್ಲದಿದ್ದರೆ ಮೂರನೆಯದನ್ನು ಇನ್‌ವಾಯ್ಸ್ ತೆಗೆದು E ಕಾಲಂಗೆ ದರ ತುಂಬಿದ ಮೇಲೆ ನೋಡಿ. ಮೂರರಲ್ಲೂ ಸೊನ್ನೆ ಬರಬೇಕು:

```
=C2-B2*60
=ROUND(D2-C2-B2*0.8,2)
=ROUND(F2-C2/1000*E2,2)
```

ಮಸುಕಾದ ಅಂಕಿಯನ್ನು ಇದರಿಂದಲೇ ಬಿಡಿಸಬಹುದು. 175 ಚೀಲಕ್ಕೆ ತಲಾ 60.8 ಎಂದರೆ 10,640. ಇನ್ನೊಂದು ದಾರಿಯಲ್ಲೂ ನೋಡಿ: ಒಟ್ಟು 19,456ರಲ್ಲಿ 6,080 ಮತ್ತು 2,736 ಕಳೆದರೆ ಉಳಿಯುವುದು 10,640. ಎರಡೂ ಕಡೆಯಿಂದ ಒಂದೇ ಉತ್ತರ ಬಂತು, ಹಾಗಾಗಿ ಅದು 6. ಆದರೆ ಆ ಸೆಲ್‌ಗೆ ಹಳದಿ ಬಣ್ಣ ಹಾಕಿಡಿ. ಯಾಕೆಂದರೆ ಅದು ಕಣ್ಣಿಂದ ಓದಿದ ಅಂಕಿ ಅಲ್ಲ, ಲೆಕ್ಕದಿಂದ ತುಂಬಿದ್ದು. ಅದರ ಮುಂದೆ ಸೂತ್ರ ಸೊನ್ನೆ ತೋರಿಸಿದರೆ ಏನೂ ಸಾಬೀತಾದ ಹಾಗಲ್ಲ, ನಾವು ಹಾಕಿದ್ದೇ ನಮಗೆ ವಾಪಸ್ ಬಂದಿದೆ ಅಷ್ಟೇ. ಒಂದೇ ಸಾಲಿನಲ್ಲಿ ಎರಡು ಮೂರು ಹಳದಿ ಸೆಲ್ ಆದರೆ ಲೆಕ್ಕ ನಿಲ್ಲಿಸಿ ಹೊಸ ಫೋಟೋ ತರಿಸಿ.

ಸೊನ್ನೆ ಬರದಿದ್ದರೆ ಗೋಡೌನ್‌ಗೆ ಫೋನ್ ಮಾಡುವ ಮೊದಲು ನಿಮ್ಮ ಟೈಪಿಂಗ್ ಅನುಮಾನಿಸಿ. ಉದಾಹರಣೆಗೆ 2,736 ಬದಲು 2,763 ಎಂದು ಹೊಡೆದಿದ್ದರೆ ಗ್ರಾಸ್ ಕಾಲಂ ಕೂಡಿದಾಗ 19,483 ಬರುತ್ತದೆ, ಅಂದರೆ 27 ಜಾಸ್ತಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ, ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಹಳೆಯ ಉಪಾಯ ಇದು. 9ರಿಂದ ಭಾಗವಾದ ಮಾತ್ರಕ್ಕೆ ಅದೇ ಕಾರಣ ಎಂದು ಖಾತ್ರಿ ಏನಿಲ್ಲ, ಆದರೆ ಎಲ್ಲಿ ಮೊದಲು ಹುಡುಕಬೇಕು ಎಂಬುದು ತಿಳಿಯುತ್ತದೆ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕಾಫಿ ಮಾತು ನಡೆಯುವುದೇ 50 ಕಿಲೋ ಚೀಲದ ಲೆಕ್ಕದಲ್ಲಿ, ತೋಟದವರು ರೇಟ್ ಕೇಳುವುದೂ ಹಾಗೇ. ರಫ್ತಿನ ಚೀಲ ಮಾತ್ರ 60 ಕಿಲೋದ್ದು. ಗೋಡೌನ್ ಪುಸ್ತಕದಿಂದ ನೇರವಾಗಿ ಎತ್ತಿಕೊಂಡ ಲಿಸ್ಟ್‌ನಲ್ಲಿ 384 ಚೀಲ ಎಂದು ಇದ್ದು, ಇನ್‌ವಾಯ್ಸ್‌ನಲ್ಲಿ 320 ಇದ್ದರೆ ಗಾಬರಿ ಬೇಡ. 384ನ್ನು 50ರಿಂದ ಗುಣಿಸಿದರೂ 19,200, 320ನ್ನು 60ರಿಂದ ಗುಣಿಸಿದರೂ 19,200. ಚೀಲದ ಸಂಖ್ಯೆಗಳನ್ನು ಭಾಗಿಸಿದಾಗ 1.2 ಬಂತೆಂದರೆ ಬಹುಶಃ ಇದೇ ಕಥೆ. ಹಾಗಂತ ಲಿಸ್ಟ್ ಹಾಗೇ ಬಿಡಬೇಡಿ, ಕಂಟೇನರ್‌ನಲ್ಲಿ ಇರುವುದು 320 ಮೂಟೆ, ಕಾಗದದಲ್ಲೂ ಅದೇ ಇರಬೇಕು.

ಬಲ್ಕ್ ಲೋಡ್ ಆದರೆ, ಅಂದರೆ ಕಂಟೇನರ್ ಒಳಗೆ ಲೈನರ್ ಹಾಕಿ ಕಾಫಿ ಸುರಿದಿದ್ದರೆ, ಚೀಲ ಎಣಿಸುವ ಪ್ರಶ್ನೆಯೇ ಇಲ್ಲ. ಅಲ್ಲಿ ತೂಕ ಒಂದೇ ಆಧಾರ.

ಈಗ ಇನ್‌ವಾಯ್ಸ್ ತೆಗೆಯಿರಿ

ಇನ್‌ವಾಯ್ಸ್‌ನಲ್ಲಿ ಹೀಗಿದೆ: ಲಾಟ್ 21, 100 ಚೀಲ, 26,400 ಡಾಲರ್. ಲಾಟ್ 22, 180 ಚೀಲ, 43,200 ಡಾಲರ್. ಲಾಟ್ 23, 40 ಚೀಲ, 9,840 ಡಾಲರ್. ದರ ಟನ್ನಿಗೆ ಕ್ರಮವಾಗಿ 4,400, 4,000, 4,100. ಮೂರೂ ಕೂಡಿದರೆ ಎಫ್‌ಒಬಿ 79,440, ಅದರ ಮೇಲೆ ಹಡಗಿನ ಬಾಡಿಗೆ 1,600, ಒಟ್ಟು 81,040 ಡಾಲರ್. ಒಟ್ಟು 320 ಚೀಲ, ನೆಟ್ 19,200, ಗ್ರಾಸ್ 19,456.

ನೋಡಿ, ಚೀಲ ಸರಿ. ನೆಟ್ ಸರಿ. ಗ್ರಾಸ್ ಸರಿ. ಮೌಲ್ಯ ಮಾತ್ರ ಹೊಂದಲ್ಲ, 81,040 ಮತ್ತು 79,470, ನಡುವೆ 1,570. ಇಲ್ಲೇ ಎಡವುವುದು. "ಅದು ಫ್ರೈಟ್ ಅಲ್ವಾ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಎಫ್‌ಒಬಿ ಹಾಕಿರುತ್ತಾರೆ" ಎಂದು ಬಿಟ್ಟುಬಿಡುತ್ತೇವೆ. ಅರ್ಧ ನಿಜವೇ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಬೆಲೆ ಇರಲೇಬೇಕು ಎಂದೇನೂ ಇಲ್ಲ, ಖರೀದಿದಾರ ಕೇಳಿದರೆ ಹಾಕುತ್ತಾರೆ, ಹಾಕಿದಾಗ ಬಾಡಿಗೆ ಬಿಟ್ಟು ಹಾಕಿರುವುದು ಸಾಮಾನ್ಯ. ಆದರೆ ಬಾಡಿಗೆ 1,600. ವ್ಯತ್ಯಾಸ 1,570. ಹೆಚ್ಚುಕಡಿಮೆ ಸರಿ ಎನ್ನುವ ಮಾತು ಈ ಕೆಲಸದಲ್ಲಿ ನಡೆಯುವುದಿಲ್ಲ. ಬಾಡಿಗೆಯೇ ಕಾರಣ ಆಗಿದ್ದರೆ ಡಾಲರ್‌ಗೆ ಡಾಲರ್ ಹೊಂದಬೇಕಿತ್ತು.

ಹಾಗಾಗಿ ಬಾಡಿಗೆಯನ್ನು ಪಕ್ಕಕ್ಕಿಟ್ಟು ಎಫ್‌ಒಬಿಗೆ ಎಫ್‌ಒಬಿ ಇಟ್ಟು ನೋಡಿ. ಲಿಸ್ಟ್‌ನಲ್ಲಿ 79,470, ಇನ್‌ವಾಯ್ಸ್‌ನಲ್ಲಿ 79,440. ಲಿಸ್ಟ್‌ನಲ್ಲಿ 30 ಡಾಲರ್ ಜಾಸ್ತಿ. ಒಟ್ಟು ತೂಕ ಒಂದೇ ಇದ್ದು ಮೌಲ್ಯ ಮಾತ್ರ ಬೇರೆ ಆದರೆ ಎರಡೇ ಸಾಧ್ಯತೆ: ದರ ಬೇರೆ ಇರಬೇಕು, ಇಲ್ಲ ಒಂದು ದರ್ಜೆಯ ಚೀಲ ಇನ್ನೊಂದು ದರ್ಜೆಗೆ ಸೇರಿಕೊಂಡಿರಬೇಕು. ಚೆರಿ ಎಬಿಗೂ ಪಿಬಿಗೂ ಟನ್ನಿಗೆ 100 ಡಾಲರ್ ಅಂತರ. 30ನ್ನು 100ರಿಂದ ಭಾಗಿಸಿದರೆ 0.3 ಟನ್, ಅಂದರೆ 300 ಕಿಲೋ, ಅಂದರೆ ಐದು ಚೀಲ. ಐದು ಚೀಲ ಎಬಿಯಿಂದ ಪಿಬಿಗೆ ಜಿಗಿದಿದೆ. ಸಾಲು ಸಾಲಾಗಿ ನೋಡಿದರೆ ಅದೇ ಕಾಣುತ್ತದೆ: 180 ಇದ್ದದ್ದು 175, 40 ಇದ್ದದ್ದು 45.

ಎಬಿ ಮತ್ತು ಪಿಬಿ ಒಂದೇ ದರಕ್ಕೆ ಮಾರಿದ್ದರೆ ಈ 30 ಡಾಲರ್ ಕೂಡ ಕಾಣುತ್ತಿರಲಿಲ್ಲ. ಅದಕ್ಕೇ ಒಟ್ಟನ್ನು ನಂಬದೆ ಲಾಟ್ ನಂಬರ್ ಹಿಡಿದು ಸಾಲು ಹೋಲಿಸಬೇಕು. ಇನ್‌ವಾಯ್ಸ್ ಶೀಟ್‌ಗೆ `inv` ಎಂದು ಹೆಸರಿಟ್ಟು, ಪ್ಯಾಕಿಂಗ್ ಲಿಸ್ಟ್ ಶೀಟ್‌ನಲ್ಲಿ ಇದನ್ನು ಹಾಕಿ:

```
=SUMIF(A:A,A2,B:B)-SUMIF(inv!A:A,A2,inv!B:B)
```

ಚೀಲಕ್ಕೆ B ಇದೆ, ನೆಟ್‌ಗೆ C, ಗ್ರಾಸ್‌ಗೆ D, ಮೌಲ್ಯಕ್ಕೆ F ಮಾಡಿಕೊಳ್ಳಿ. ಒಂದೇ ಲಾಟ್ ಎರಡು ಸಾಲಿನಲ್ಲಿ ಹಂಚಿಹೋಗಿದ್ದರೂ ಇದು ಕೂಡಿಸಿಕೊಳ್ಳುತ್ತದೆ. ಇದೇ ಸೂತ್ರವನ್ನು `inv` ಜಾಗದಲ್ಲಿ ಪ್ಯಾಕಿಂಗ್ ಲಿಸ್ಟ್ ಶೀಟ್‌ನ ಹೆಸರು ಹಾಕಿ ಇನ್‌ವಾಯ್ಸ್ ಕಡೆಯಿಂದಲೂ ಒಮ್ಮೆ ಓಡಿಸಿ, ಇಲ್ಲದಿದ್ದರೆ ಇನ್‌ವಾಯ್ಸ್‌ನಲ್ಲಿ ಇದ್ದು ಲಿಸ್ಟ್‌ನಲ್ಲಿ ಇಲ್ಲದ ಲಾಟ್ ಕಣ್ಣಿಗೆ ಬೀಳುವುದಿಲ್ಲ. ಲಾಟ್ ನಂಬರನ್ನು ಚೀಲದ ಮೇಲಿನ ಐಸಿಒ ಮಾರ್ಕ್‌ನಿಂದ ತೆಗೆದುಕೊಳ್ಳಿ: ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರರ ಸಂಖ್ಯೆ, ಕೊನೆಗೆ ಲಾಟ್. ಕಾಫಿಯ ಹೆಸರು ಹಿಡಿದು ಹೋಲಿಸಬೇಡಿ, ಒಬ್ಬರು "ಚೆರಿ ಪಿಬಿ" ಎಂದರೆ ಇನ್ನೊಬ್ಬರು "ಪೀಬೆರಿ" ಎಂದು ಬರೆದಿರುತ್ತಾರೆ.

ಮೌಲ್ಯವನ್ನು ಡಾಲರ್‌ನಲ್ಲೇ ಹೋಲಿಸಿ. ಶಿಪ್ಪಿಂಗ್ ಬಿಲ್‌ನ ರೂಪಾಯಿ ಮೊತ್ತ ಕಸ್ಟಮ್ಸ್ ಪ್ರಕಟಿಸಿದ ವಿನಿಮಯ ದರದಲ್ಲಿ ಇರುತ್ತದೆ, ನಿಮ್ಮ ಬ್ಯಾಂಕಿನ ದರ ಬೇರೆ. ರೂಪಾಯಿಯಲ್ಲಿ ಹೋಲಿಸಲು ಹೋದರೆ ಇಲ್ಲದ ತಪ್ಪು ಹುಡುಕಿಕೊಂಡು ಕೂರಬೇಕಾಗುತ್ತದೆ.

ವೇಬ್ರಿಡ್ಜ್ ಚೀಟಿ ಎಷ್ಟು ಹೇಳುತ್ತದೆ

ಹಡಗಿಗೆ ಏರುವ ಪ್ರತಿ ತುಂಬಿದ ಕಂಟೇನರ್‌ಗೂ ದೃಢೀಕರಿಸಿದ ತೂಕ, ಅಂದರೆ ವಿಜಿಎಂ, ಕೊಡಬೇಕು. 2016ರ ಜುಲೈನಿಂದ ಇದು ಕಡ್ಡಾಯ. ನಮ್ಮ ಲೋಡಿನ ಗ್ರಾಸ್ 19,456, ಬಾಗಿಲ ಮೇಲೆ ಬರೆದ ಖಾಲಿ ಕಂಟೇನರ್ ತೂಕ 2,230 ಎಂದಿಟ್ಟುಕೊಳ್ಳಿ. ಕೂಡಿದರೆ 21,686. ವಿಜಿಎಂ 21,720 ಎಂದು ಬಂದಿದೆ. 34 ಕಿಲೋ ಜಾಸ್ತಿ. ಒಳಗೆ ಹಾಸಿದ ಕ್ರಾಫ್ಟ್ ಪೇಪರ್, ತೇವ ಹೀರುವ ಪೊಟ್ಟಣ, ವೇಬ್ರಿಡ್ಜ್ 20 ಕಿಲೋ ಹೆಜ್ಜೆಯಲ್ಲಿ ತೋರಿಸುವುದು, ಇಷ್ಟರಲ್ಲೇ ಅದು ಮುಗಿಯುತ್ತದೆ. ಒಂದು ಮೂಟೆಯಷ್ಟೂ ಇಲ್ಲ.

ಈ ಚೀಟಿಯಿಂದ ಹತ್ತಾರು ಚೀಲ ಕಡಿಮೆಯೋ ಹೆಚ್ಚೋ ಎಂದು ಗೊತ್ತಾಗುತ್ತದೆ. ಒಂದು ಚೀಲ ಕಡಿಮೆ ಇದೆಯಾ ಎಂದು ಇದನ್ನು ನಂಬಿ ಹೇಳಲಾಗದು. ಐದು ಚೀಲ ಎಬಿ ಬದಲು ಪಿಬಿ ಹೋಗಿದ್ದರಂತೂ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು.

ಯಾವುದು ಸರಿ? ಟ್ಯಾಲಿ ಶೀಟ್ ಕೇಳಿ

ತಪ್ಪು ಸಿಕ್ಕ ಮೇಲೆ ಯಾವ ಕಾಗದ ತಿದ್ದುವುದು ಸುಲಭವೋ ಅದನ್ನೇ ತಿದ್ದುವ ಆಸೆ ಆಗುತ್ತದೆ. ಬೇಡ. ಮೂಟೆ ಕಂಟೇನರ್ ಒಳಗೆ ಹೋಗುವಾಗ ಐದೈದು ಗೀಟು ಎಳೆದು ಎಣಿಸಿದ ಟ್ಯಾಲಿ ಶೀಟ್ ಇರುತ್ತದೆ, ಕಣ್ಣೆದುರು ಎಣಿಸಿ ಬರೆದ ಕಾಗದ ಎಂದರೆ ಅದೊಂದೇ. ಇನ್‌ವಾಯ್ಸ್ ಕಾಂಟ್ರ್ಯಾಕ್ಟ್ ನೋಡಿ ಮಾಡಿದ್ದು, ಪ್ಯಾಕಿಂಗ್ ಲಿಸ್ಟ್ ಹಲವು ಸಲ ಲೋಡಿಂಗ್ ಪ್ಲಾನ್ ನೋಡಿ ಮಾಡಿದ್ದು.

ಗೋಡೌನ್‌ಗೆ ಫೋನ್ ಮಾಡಿದಾಗ "ಅಣ್ಣ, ಲಾಟ್ 23 ನಲವತ್ತು ಚೀಲ ಅಲ್ವಾ?" ಎಂದು ಕೇಳಬೇಡಿ. ಮಳೆಯಲ್ಲಿ ಲೋಡ್ ಮಾಡಿ ಸುಸ್ತಾದವರು "ಹೌದು ಸರ್" ಎಂದು ಫೋನ್ ಇಟ್ಟುಬಿಡುತ್ತಾರೆ. ಹೀಗೆ ಕೇಳಿ: "ಅಣ್ಣ, ಟ್ಯಾಲಿ ಶೀಟ್ ಕೈಯಲ್ಲಿ ಹಿಡ್ಕೊಂಡು ಲಾಟ್ ಲಾಟ್ ಆಗಿ ಓದಿ, ನಾನು ಬರ್ಕೊಳ್ತೀನಿ." ಅವರು ಓದಲಿ, ನೀವು ನಡುವೆ ಸಂಖ್ಯೆ ಹೇಳಬೇಡಿ. ಆಮೇಲೆ ಆ ಶೀಟ್‌ನ ಫೋಟೋ ತರಿಸಿ. ಲೋಡಿಂಗ್ ಹೊತ್ತಿಗೆ ತೆಗೆದ ಫೋಟೋ ಇದ್ದರೆ ಚೀಲದ ಮೇಲಿನ ಮಾರ್ಕ್ ಕೂಡ ಕಾಣಬಹುದು. ಗೋಡೌನ್‌ನಲ್ಲಿ ಉಳಿದ ಚೀಲ ಎಣಿಸಿದರೆ ಇನ್ನೂ ಗಟ್ಟಿ: ಲಾಟ್ 23ರಲ್ಲಿ ತಯಾರಾದದ್ದೇ 40 ಚೀಲ ಆಗಿದ್ದು ಈಗ ಒಂದೂ ಉಳಿದಿಲ್ಲ ಎಂದರೆ 45 ಹೋಗಿರಲು ಸಾಧ್ಯವೇ ಇಲ್ಲ.

ನಮ್ಮ ಉದಾಹರಣೆಯಲ್ಲಿ ಟ್ಯಾಲಿ ಹೇಳಿದ್ದು 100, 180, 40. ಖರೀದಿದಾರರು ಮೊದಲು 175 ಮತ್ತು 45 ಕೇಳಿ ಆಮೇಲೆ ಬದಲಿಸಿದ್ದರು, ಲಿಸ್ಟ್ ಮಾತ್ರ ಹಳೆಯ ಪ್ಲಾನ್‌ನಿಂದಲೇ ಟೈಪ್ ಆಗಿತ್ತು. ಅಂದರೆ ಇನ್‌ವಾಯ್ಸ್ ಸರಿ, ಲಿಸ್ಟ್ ತಪ್ಪು. ಹೊಸ ಲಿಸ್ಟ್ ಮಾಡಿಸುವಾಗ ಲಾಟ್ 22, 23ರ ಚೀಲ, ನೆಟ್, ಗ್ರಾಸ್, ಮೌಲ್ಯ ಎಲ್ಲವೂ ಬದಲಾಗಬೇಕು: 180 ಚೀಲಕ್ಕೆ 10,800 ಮತ್ತು 10,944, 40 ಚೀಲಕ್ಕೆ 2,400 ಮತ್ತು 2,432. ಚೀಲ ಮಾತ್ರ ತಿದ್ದಿ ತೂಕ ಹಾಗೇ ಬಿಟ್ಟ ಲಿಸ್ಟ್‌ಗಳೂ ಬರುತ್ತವೆ, ಆದ್ದರಿಂದ ಹೊಸ ಲಿಸ್ಟ್‌ಗೂ ಅದೇ ಮೂರು ಸೂತ್ರ ಹಾಕಿ.

ಉಲ್ಟಾ ಆಗಿದ್ದರೆ, ಅಂದರೆ ನಿಜವಾಗಿಯೂ 45 ಪಿಬಿ ಒಳಗೆ ಹೋಗಿದ್ದರೆ, ಎಲ್ಲಿದೆ ಗಾಡಿ ಎಂಬುದರ ಮೇಲೆ ಕೆಲಸ ನಿಂತಿದೆ. ಸೀಲ್ ಬೀಳುವ ಮೊದಲಾದರೆ ಐದು ಚೀಲ ಇಳಿಸಿ ಬದಲಿಸಿ, ಒಂದು ಗಂಟೆಯ ಕೂಲಿ ಅಷ್ಟೇ. ಸೀಲ್ ಬಿದ್ದು ಹೊರಟಿದ್ದರೆ ಖರೀದಿದಾರರ ಒಪ್ಪಿಗೆ ಮೇಲ್‌ನಲ್ಲಿ ತೆಗೆದುಕೊಂಡು ಇನ್‌ವಾಯ್ಸ್ ಬದಲಿಸಬೇಕು, ಶಿಪ್ಪಿಂಗ್ ಬಿಲ್ ತಿದ್ದಿಸಬೇಕು. ಕಸ್ಟಮ್ಸ್‌ನ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಆಗುವ ಮೊದಲು ಏಜೆಂಟರಿಗೆ ಹೇಳಿದರೆ ಕಷ್ಟ ಕಡಿಮೆ. ಹಡಗು ಹೊರಟ ಮೇಲೆ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ತಿದ್ದುಪಡಿ ಕೇಳಬಹುದು, ಆದರೆ ಸರಕು ಹೋದ ಹೊತ್ತಿಗೆ ಆಗಲೇ ಇದ್ದ ದಾಖಲೆ ತೋರಿಸಬೇಕು. ಆಮೇಲೆ ಬರೆಸಿಕೊಂಡ ಪತ್ರ ನಡೆಯುವುದಿಲ್ಲ. ತಾರೀಖು, ಸಹಿ ಇರುವ ಟ್ಯಾಲಿ ಶೀಟನ್ನೂ ಮೂಲ ಫೋಟೋಗಳನ್ನೂ ಡಿಲೀಟ್ ಮಾಡದೆ ಇಡಬೇಕು ಎನ್ನುವುದು ಇದಕ್ಕೇ.

ದುಡ್ಡು ಎಲ್‌ಸಿ, ಅಂದರೆ ದಾಖಲೆ ನೋಡಿ ದುಡ್ಡು ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ ಪತ್ರದ ಮೂಲಕ ಬರುವುದಾದರೆ ಇನ್ನೊಂದು ಮಾತು. ಬ್ಯಾಂಕುಗಳು ಪಾಲಿಸುವ ಯುಸಿಪಿ 600ರ 30ನೇ ವಿಧಿಯಲ್ಲಿ ಸರಕಿನ ಪ್ರಮಾಣಕ್ಕೆ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇದೆ ಎಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಆದರೆ ಎಲ್‌ಸಿಯಲ್ಲಿ ಇಷ್ಟು ಚೀಲ ಎಂದು ಸಂಖ್ಯೆ ಹೇಳಿದ್ದರೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. "40 ಚೀಲ ಪಿಬಿ" ಎಂದಿದ್ದರೆ 40 ಆಗಲೇಬೇಕು. 14ನೇ ವಿಧಿಯ ಪ್ರಕಾರ ದಾಖಲೆಗಳು ಅಕ್ಷರಶಃ ಒಂದೇ ಆಗಿರಬೇಕಿಲ್ಲ, ಆದರೆ ಒಂದು ಇನ್ನೊಂದಕ್ಕೆ ವಿರುದ್ಧ ಇರಬಾರದು. 175 ಮತ್ತು 180 ವಿರುದ್ಧವೇ. ಒಟ್ಟು 320 ಎಂದು ತೋರಿಸಿ ಬ್ಯಾಂಕಿನವರನ್ನು ಒಪ್ಪಿಸಲಾಗದು.

ಹೊಸ ಲಿಸ್ಟ್ ಬಂದ ಮೇಲೆ ಹಳೆಯದು ಯಾರ ಯಾರ ಕೈ ಸೇರಿದೆ ಎಂದು ನೋಡಿ. ಕಸ್ಟಮ್ಸ್ ಏಜೆಂಟ್, ಶಿಪ್ಪಿಂಗ್ ಲೈನ್, ಖರೀದಿದಾರ, ಕಾಫಿ ಬೋರ್ಡ್‌ನಿಂದ ಮೂಲ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಇವರೆಲ್ಲರಿಗೂ ಹೊಸದನ್ನು ಕಳಿಸಿ, ಹಳೆಯ ತಾರೀಖಿನದನ್ನು ಬಳಸಬೇಡಿ ಎಂದು ಅದೇ ಮೇಲ್‌ನಲ್ಲಿ ಬರೆಯಿರಿ. ಫೈಲಿನ ಹೆಸರಿನಲ್ಲಿ ಪರಿಷ್ಕೃತ 1 ಎಂದು ಸೇರಿಸಿ. ಮೂಲ ಪ್ರಮಾಣಪತ್ರದಲ್ಲೂ ಚೀಲ ಮತ್ತು ತೂಕ ಬರುವುದರಿಂದ, ಅದರ ಅರ್ಜಿ ಹಳೆಯ ಲಿಸ್ಟ್ ನೋಡಿ ಹೋಗಿದ್ದರೆ ಆ ಅರ್ಜಿಯನ್ನು ಮೊದಲು ಸರಿಮಾಡಿಸಿ.